ಕಾಣದ ಕಳವಿಗೆ ಅಳತೆಗೋಲು ಯಾವುದು? ಸೂಚ್ಯಂಕ, ಲೆಕ್ಕಪರಿಶೋಧನೆ, ಒಂಬುಡ್ಸ್‌ಮನ್

ತುಂಬೆಹೂವು:
ಅಂಕ ಹೆಚ್ಚಿದಷ್ಟೂ ದೇಶ ಶುದ್ಧ ಎನ್ನುವ ಭ್ರಷ್ಟಾಚಾರದ ಸೂಚ್ಯಂಕದಲ್ಲಿ ಒಂದು ದೇಶದ ಅಂಕ ಕಳೆದ ವರ್ಷ 41 ಇತ್ತು, ಈ ವರ್ಷ 39 ಆಯಿತು ಎಂದಿಟ್ಟುಕೊಳ್ಳಿ. ಮರುದಿನವೇ ಪತ್ರಿಕೆಗಳಲ್ಲಿ ‘ಭ್ರಷ್ಟಾಚಾರ ಹೆಚ್ಚಳ’ ಎಂಬ ಶೀರ್ಷಿಕೆ ಬರುತ್ತದೆ. ನನಗೆ ಅರ್ಥವಾಗದಿರುವುದು ಇಷ್ಟೇ: ಲಂಚ ಕೊಟ್ಟವನೂ ಹೇಳುವುದಿಲ್ಲ, ತೆಗೆದುಕೊಂಡವನೂ ಹೇಳುವುದಿಲ್ಲ. ಹಾಗಿದ್ದಮೇಲೆ ಈ ಎರಡು ಅಂಕವನ್ನು ಯಾರು, ಯಾವ ತಕ್ಕಡಿಯಲ್ಲಿ ತೂಗಿದರು? ಅಭಿಪ್ರಾಯವನ್ನಲ್ಲದೆ ಕಳವನ್ನೇ ಅಳೆಯುವ ವಿಧಾನ ಎಲ್ಲಾದರೂ ಇದೆಯೇ? ಲೆಕ್ಕಪರಿಶೋಧನಾ ಸಂಸ್ಥೆಗಳು ಮತ್ತು ಸರ್ಕಾರಿ ಕಚೇರಿಗಳ ಮೇಲಿನ ನಾಗರಿಕರ ದೂರು ವಿಚಾರಿಸುವ ಒಂಬುಡ್ಸ್‌ಮನ್ ಕಚೇರಿಗಳ ವರದಿಗಳಿಂದ ಅಂಥ ಅಳತೆ ಸಿಗುತ್ತದೆಯೇ? ಬಲ್ಲವರು ತಿಳಿಸಿ.

ನೇರನುಡಿ:
ಸೂಚ್ಯಂಕ ಎಂದರೆ ಕಟ್ಟೆಪುರಾಣಕ್ಕೆ ಅಂಕಿಯ ಅಂಗಿ ತೊಡಿಸಿದ್ದು, ಅಷ್ಟೇ. ನಾಲ್ಕು ಜನ ಉದ್ಯಮಿಗಳನ್ನು ಕೇಳಿ ಒಂದು ದೇಶಕ್ಕೆ ಅಂಕ ಹಾಕುತ್ತಾರೆ. ಇದರ ಬದಲು ಎಣಿಸಬಹುದಾದದ್ದನ್ನು ಎಣಿಸಲಿ. ಒಂಬುಡ್ಸ್‌ಮನ್‌ಗೆ ಎಷ್ಟು ದೂರು ಬಂದವು, ಎಷ್ಟು ಜನ ಸಿಕ್ಕಿಬಿದ್ದರು, ಲೆಕ್ಕಪರಿಶೋಧಕರು ಎಷ್ಟು ಆಕ್ಷೇಪಣೆ ಬರೆದರು? ಎಲ್ಲಿ ದೂರು ಜಾಸ್ತಿಯೋ ಅಲ್ಲಿ ಭ್ರಷ್ಟಾಚಾರ ಜಾಸ್ತಿ. ಇದಕ್ಕೆ ಪಂಡಿತರು ಬೇಕಿಲ್ಲ.

ಸರಾಸರಿ:
ನೇರನುಡಿಯವರ ಮಾತಿನ ಮೊದಲರ್ಧ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ.

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಸರ್ಕಾರೇತರ ಸಂಸ್ಥೆ 1995ರಿಂದ ಆ ಸೂಚ್ಯಂಕವನ್ನು ಹೊರತರುತ್ತಿದೆ. ಅದರ ಹೆಸರಿನಲ್ಲೇ ಭ್ರಷ್ಟಾಚಾರದ ‘ಗ್ರಹಿಕೆ’ ಎಂದಿದೆ, ನಾವು ಓದುವಾಗ ಆ ಪದವನ್ನು ನುಂಗಿಬಿಡುತ್ತೇವೆ. ಈ ಸೂಚ್ಯಂಕಕ್ಕಾಗಿ ಅವರು ಸ್ವತಃ ಯಾರನ್ನೂ ಕೇಳಲು ಹೋಗುವುದಿಲ್ಲ. ಬೇರೆ ಬೇರೆ ಸಂಸ್ಥೆಗಳು ಪರಿಣತರಿಂದಲೂ ಉದ್ಯಮಿಗಳಿಂದಲೂ ಪಡೆದ ಅಂದಾಜುಗಳನ್ನು ಒಂದೇ ಮಾಪನಕ್ಕೆ ತಂದು ಸರಾಸರಿ ತೆಗೆಯುತ್ತಾರೆ. ಒಂದು ದೇಶಕ್ಕೆ ಕನಿಷ್ಠ ಮೂರು ಮೂಲಗಳಾದರೂ ಸಿಗಬೇಕು. 2012ರಲ್ಲಿ ಲೆಕ್ಕದ ವಿಧಾನವನ್ನೇ ಬದಲಿಸಿ 0ಯಿಂದ 100ರವರೆಗಿನ ಅಂಕ ತಂದರು, ಹಾಗಾಗಿ ಅದಕ್ಕಿಂತ ಹಿಂದಿನ ಅಂಕಗಳನ್ನು ಇಂದಿನವುಗಳ ಪಕ್ಕ ಇಡುವಂತಿಲ್ಲ. ಪ್ರತಿ ಅಂಕದ ಜತೆಗೆ ದೋಷದ ಅಂದಾಜನ್ನೂ ಅವರೇ ಕೊಡುತ್ತಾರೆ. 41 ಮತ್ತು 39ರ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಆ ದೋಷದೊಳಗೇ ಅಡಗಿಹೋಗುತ್ತದೆ. ಪತ್ರಿಕೆಯವರಿಗೆ ಅದು ಬೇಡವಾದ ಕಾಲಂ.

ಆದರೆ ಬಂಧನಗಳನ್ನು ಎಣಿಸಿದರೆ ಸಿಗುವುದು ಭ್ರಷ್ಟಾಚಾರದ ಲೆಕ್ಕವಲ್ಲ, ತನಿಖಾಧಿಕಾರಿಗಳ ಚಟುವಟಿಕೆಯ ಲೆಕ್ಕ. ತನಿಖಾ ಸಂಸ್ಥೆಯನ್ನೇ ಮುಚ್ಚಿದರೆ ನಿಮ್ಮ ಪ್ರಕಾರ ಆ ದೇಶ ಮರುದಿನ ಬೆಳಗ್ಗೆಯೇ ಶುದ್ಧವಾಗಬೇಕು.

ಪಿಂಚಣಿದಾರ:
ಇಲ್ಲಿ ಒಂಬುಡ್ಸ್‌ಮನ್ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನನ್ನ ಪಿಂಚಣಿ ಕಡತ ಹನ್ನೊಂದು ತಿಂಗಳು ಒಂದು ಕಚೇರಿಯಲ್ಲಿ ಕದಲದೆ ಕೂತಿತ್ತು. ಯಾರೂ ಬಾಯಿಬಿಟ್ಟು ದುಡ್ಡು ಕೇಳಲಿಲ್ಲ. ಕೊನೆಗೆ ಹೊರಗಡೆ ಕೂರುವ ಏಜೆಂಟನಿಗೆ ‘ಸೇವಾ ಶುಲ್ಕ’ ಎಂದು ಕೊಟ್ಟೆ, ಒಂಬತ್ತು ದಿನದಲ್ಲಿ ಆದೇಶ ಬಂತು. ಈಗ ಆ ಹಣ ವಾಪಸು ಪಡೆಯಲು ಯಾರಿಗೆ ದೂರು ಕೊಡಬೇಕು? ಲೆಕ್ಕಪರಿಶೋಧಕರಿಗೋ ಒಂಬುಡ್ಸ್‌ಮನ್‌ಗೋ?

ಒಂದು ವಿಷಯ ಹೇಳಲೇಬೇಕು. ಕೆಲವು ತಿಂಗಳ ಹಿಂದೆ ಸಮೀಕ್ಷೆಯವರೊಬ್ಬರು ಮನೆಗೆ ಬಂದು ‘ಕಳೆದ ವರ್ಷ ಸರ್ಕಾರಿ ನೌಕರರಿಗೆ ಲಂಚ ಕೊಟ್ಟಿದ್ದೀರಾ?’ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಿದೆ ಎಂದು ಆಗ ಅನ್ನಿಸಲೂ ಇಲ್ಲ, ಏಜೆಂಟ್ ಸರ್ಕಾರಿ ನೌಕರನಲ್ಲವಲ್ಲ!

ಸರಾಸರಿ:
ಪಿಂಚಣಿದಾರರೇ, ನಿಮ್ಮ ಪ್ರಶ್ನೆ ಈ ಚರ್ಚೆಯದಲ್ಲ. ಆದರೆ ಸಮೀಕ್ಷೆಯ ಬಗ್ಗೆ ನೀವು ಬರೆದ ಆ ನಾಲ್ಕು ಸಾಲು ನನ್ನ ಮೇಲಿನ ಇಡೀ ಬರಹಕ್ಕಿಂತ ಬೆಲೆಯುಳ್ಳದ್ದು.

ಹಳೆಯ ಲೆಕ್ಕಿಗ:
ನಾನು ನಿವೃತ್ತ ಲೆಕ್ಕಪರಿಶೋಧಕ. ಕಾಮಗಾರಿಗಳ ಲೆಕ್ಕ ನೋಡಿಯೇ ಕಣ್ಣು ಮಂಜಾದವನು. ಪಿಂಚಣಿದಾರರ ಪ್ರಶ್ನೆ ಈ ಚರ್ಚೆಯದಲ್ಲ ಎಂದು ಸರಾಸರಿಯವರು ಹೇಳಿದರು. ನನಗೆ ಅದೇ ಚರ್ಚೆಯ ನಡುಗಂಬದಂತೆ ಕಾಣುತ್ತದೆ.

ಕಳವು ಎರಡು ಜೇಬುಗಳಿಂದ ಆಗುತ್ತದೆ. ಒಂದು ಖಜಾನೆಯ ಜೇಬು, ಇನ್ನೊಂದು ನಾಗರಿಕನ ಜೇಬು. ಪಿಂಚಣಿದಾರರು ಕೊಟ್ಟ ಹಣ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ನಾನು ಆ ಕಚೇರಿಗೆ ತಪಾಸಣೆಗೆ ಹೋಗಿದ್ದರೆ ಅರ್ಜಿ ಬಂದ ದಿನ, ಆದೇಶವಾದ ದಿನ, ಪಾವತಿಯ ಮೊತ್ತ, ಸಹಿ ಎಲ್ಲವೂ ಸರಿಯಾಗಿಯೇ ಇರುತ್ತಿದ್ದವು. ಹೆಚ್ಚೆಂದರೆ ‘ವಿಳಂಬ’ ಎಂದು ಒಂದು ಸಾಲು ಬರೆಯುತ್ತಿದ್ದೆ. ಗುತ್ತಿಗೆದಾರನೂ ಇಂಜಿನಿಯರನೂ ಸೇರಿ ಬಿಲ್ ಉಬ್ಬಿಸಿದಾಗ ಆಗುವುದು ಇದರ ತಿರುವುಮುರುವು. ಅಲ್ಲಿ ಇಬ್ಬರಿಗೂ ಲಾಭ, ಆದ್ದರಿಂದ ಒಂಬುಡ್ಸ್‌ಮನ್‌ಗೆ ದೂರು ಕೊಡುವವರೇ ಇಲ್ಲ. ಆದರೆ ಪುಸ್ತಕದಲ್ಲಿ ಸುಳ್ಳು ಬರೆಯದೆ ಖಜಾನೆಯಿಂದ ಹಣ ಹೊರಡುವುದಿಲ್ಲ, ಮತ್ತು ಆ ಸುಳ್ಳು ಅಲ್ಲಿಯೇ ಉಳಿದಿರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಹೋದರೆ ಅಂಕಿ ಬರುತ್ತದೆ, ಆದರೆ ಅದು ಏನನ್ನು ಹೇಳುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ತುಂಬೆಹೂವು ಅವರು ಕಳವನ್ನೇ ಅಳೆದದ್ದುಂಟೇ ಎಂದು ಕೇಳಿದ್ದಾರೆ. ಉಂಟು. ನನಗೆ ಗೊತ್ತಿರುವುದರಲ್ಲಿ ಅತ್ಯಂತ ಚೊಕ್ಕವಾದದ್ದು ಇಂಡೊನೇಷ್ಯದ ರಸ್ತೆಗಳದ್ದು. ಬೆಂಜಮಿನ್ ಓಲ್ಕನ್ ಎಂಬ ಅರ್ಥಶಾಸ್ತ್ರಜ್ಞ ಜಾವಾ ದ್ವೀಪದ ಪೂರ್ವ ಮತ್ತು ಮಧ್ಯ ಪ್ರಾಂತಗಳ 608 ಗ್ರಾಮಗಳಲ್ಲಿ ಇದನ್ನು ನಡೆಸಿದರು. ಪ್ರತಿ ಗ್ರಾಮಕ್ಕೂ ಒಂದು ಸಣ್ಣ ರಸ್ತೆ ಮಾಡಿಕೊಳ್ಳಲು ಹಣ ಬಂದಿತ್ತು. ಕೆಳಗೆ ಮರಳು, ಮೇಲೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಅಷ್ಟೇ ರಸ್ತೆ. ಕಾಮಗಾರಿ ಮುಗಿದ ಮೇಲೆ ಇಂಜಿನಿಯರುಗಳ ತಂಡ ಹೋಗಿ ರಸ್ತೆಯನ್ನು ಅಲ್ಲಲ್ಲಿ ಅಗೆದು, ಒಳಗೆ ನಿಜವಾಗಿ ಎಷ್ಟು ಕಲ್ಲು, ಮರಳು, ಜಲ್ಲಿ ಇದೆ ಎಂದು ಅಳೆಯಿತು. ಆ ಸುತ್ತಿನ ಮಾರಾಟಗಾರರಿಂದ ಬೆಲೆ ವಿಚಾರಿಸಿದರು. ಕೂಲಿ ಎಷ್ಟು ಸಿಕ್ಕಿತು ಎಂದು ಕೆಲಸ ಮಾಡಿದವರನ್ನೇ ಕೇಳಿದರು. ಹೀಗೆ ‘ಈ ರಸ್ತೆಗೆ ನಿಜವಾಗಿ ತಗಲಿರಬೇಕಾದ ಖರ್ಚು’ ಎಂಬ ಒಂದು ಮೊತ್ತ ಸಿಕ್ಕಿತು. ಪುಸ್ತಕದಲ್ಲಿ ತೋರಿಸಿದ ಖರ್ಚಿನಿಂದ ಅದನ್ನು ಕಳೆದರೆ ಉಳಿಯುವುದೇ ಕಾಣೆಯಾದ ಹಣ.

ತುಂಬೆಹೂವು:
ಲೆಕ್ಕಿಗರೇ, ಒಂದು ಅನುಮಾನ. ಮಳೆಗೆ ಮರಳು ಕೊಚ್ಚಿಹೋಗುವುದಿಲ್ಲವೇ? ಕಲ್ಲು ಮಣ್ಣಿನೊಳಗೆ ಇಳಿಯುವುದಿಲ್ಲವೇ? ಸಾಗಿಸುವಾಗ ಚೆಲ್ಲುವುದಿಲ್ಲವೇ? ಅಗೆದಾಗ ಸಿಗದ ಪ್ರತಿ ಕಲ್ಲನ್ನೂ ಕದ್ದದ್ದೆಂದು ಬರೆದರೆ ಪ್ರಾಮಾಣಿಕನೂ ಕಳ್ಳನಾಗುತ್ತಾನಲ್ಲ?

ಹಳೆಯ ಲೆಕ್ಕಿಗ:
ಸರಿಯಾದ ಜಾಗಕ್ಕೇ ಕೈಹಾಕಿದಿರಿ. ನಾನು ಕೆಲಸದಲ್ಲಿದ್ದಾಗ ಕಿರಿಯರು ಎಡವುತ್ತಿದ್ದುದೂ ಅಲ್ಲೇ.

ಆ ತಂಡ ತಾನೇ ಕೆಲವು ಪರೀಕ್ಷಾ ರಸ್ತೆಗಳನ್ನು ಮಾಡಿಸಿತು. ತಂದ ಸಾಮಗ್ರಿಯನ್ನೆಲ್ಲ ಕಣ್ಣೆದುರೇ ಅಳೆದು ಹಾಕಿಸಿ, ಆಮೇಲೆ ಅದೇ ರೀತಿ ಅಗೆದು ನೋಡಿದರು. ಒಂದು ಹರಳೂ ಕಳವಾಗದಿದ್ದರೂ ಹಾಕಿದ್ದಕ್ಕಿಂತ ಕಡಿಮೆಯೇ ಸಿಕ್ಕಿತು. ಆ ಕೊರತೆಯ ಪ್ರಮಾಣವನ್ನು ಸಹಜ ನಷ್ಟವೆಂದು ಎಲ್ಲ ಗ್ರಾಮಗಳ ಲೆಕ್ಕಕ್ಕೂ ಹಿಡಿದರು.

ಒಂದು ಕಲ್ಪಿತ ಉದಾಹರಣೆ ಕಟ್ಟುತ್ತೇನೆ, ಅಂಕಿಗಳೆಲ್ಲ ನನ್ನವು. ರಸ್ತೆ 1,000 ಮೀಟರ್ ಉದ್ದ, 3 ಮೀಟರ್ ಅಗಲ. ಅಳತೆ ಪುಸ್ತಕದಲ್ಲಿ ಕಲ್ಲಿನ ಪದರ 20 ಸೆಂಟಿಮೀಟರ್ ಎಂದಿದೆ, ಅಂದರೆ 600 ಘನ ಮೀಟರ್. ಘನ ಮೀಟರಿಗೆ 110ರಂತೆ ಬಿಲ್ 66,000. ಅಗೆದಾಗ ಸಿಕ್ಕ ಸರಾಸರಿ ದಪ್ಪ 15 ಸೆಂಟಿಮೀಟರ್, ಅಂದರೆ 450 ಘನ ಮೀಟರ್. ಮಾರಾಟಗಾರರು ಹೇಳುವ ಬೆಲೆ 100. ಅವಸರದ ಲೆಕ್ಕಿಗನಾದರೆ 45,000ದ ಕೆಲಸಕ್ಕೆ 66,000 ಬಿಲ್, 21,000 ಗುಳುಂ ಎಂದು ಬರೆದುಬಿಡುತ್ತಾನೆ. ಆದರೆ ಪರೀಕ್ಷಾ ರಸ್ತೆಯಲ್ಲಿ ಹತ್ತರಲ್ಲೊಂದು ಪಾಲು ಹಾಗೆಯೇ ಕಾಣೆಯಾಗಿದ್ದರೆ, 450 ಉಳಿಯಬೇಕಾದರೆ 500 ಘನ ಮೀಟರ್ ಕೊಂಡಿರಲೇಬೇಕು. ಆಗ ನ್ಯಾಯವಾದ ಖರ್ಚು 50,000, ಕಾಣೆಯಾದದ್ದು 16,000. ಅಂದರೆ ಶೇ 32 ಅಲ್ಲ, ಸುಮಾರು ಶೇ 24.

ಆ 16,000ವನ್ನು ಇನ್ನೂ ಒಡೆದು ನೋಡಿ. ಬರದೇ ಇದ್ದ 100 ಘನ ಮೀಟರ್ ಕಲ್ಲಿಗೆ ಮಾರುಕಟ್ಟೆ ದರದಲ್ಲಿ 10,000. 600 ಘನ ಮೀಟರಿಗೂ ಹತ್ತತ್ತು ಹೆಚ್ಚು ಬೆಲೆ ತೋರಿಸಿದ್ದರಿಂದ 6,000. ಒಂದು ಪ್ರಮಾಣದ ಸುಳ್ಳು, ಇನ್ನೊಂದು ಬೆಲೆಯ ಸುಳ್ಳು. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಾಸರಿ:
ಸಹಜ ನಷ್ಟ ಶೇ 10 ಎಂಬುದೇ ತಪ್ಪಾಗಿದ್ದರೆ? ಶೇ 15 ಎಂದಿಟ್ಟುಕೊಂಡರೆ ಕೊಂಡದ್ದು ಸುಮಾರು 529 ಘನ ಮೀಟರ್ ಆಗುತ್ತದೆ, ಕಳವು ಶೇ 20ಕ್ಕೆ ಇಳಿಯುತ್ತದೆ. ಒಂದು ಊಹೆ ಬದಲಾದರೆ ಉತ್ತರವೇ ಬದಲಾಗುತ್ತದಲ್ಲ.

ಹಳೆಯ ಲೆಕ್ಕಿಗ:
ಹೌದು. ‘ಈ ದೇಶದಲ್ಲಿ ರಸ್ತೆ ಹಣದ ಇಷ್ಟು ಪಾಲು ಕಳವಾಗುತ್ತದೆ’ ಎಂದು ಹೇಳಹೊರಟರೆ ಆ ಊಹೆ ನಿಮ್ಮ ಕಾಲಿಗೆ ತೊಡರುತ್ತದೆ. ಆದರೆ ಒಂದೇ ಮಣ್ಣು, ಒಂದೇ ಬಗೆಯ ರಸ್ತೆ ಇರುವ ನೂರಾರು ಗ್ರಾಮಗಳನ್ನು ಪರಸ್ಪರ ಹೋಲಿಸುವಾಗ ಆ ತಪ್ಪು ಎರಡೂ ಕಡೆ ಸಮವಾಗಿ ಬೀಳುತ್ತದೆ. ಹಾಗಾಗಿ ಎಷ್ಟು ಕಳವಾಯಿತು ಎನ್ನುವುದಕ್ಕಿಂತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎನ್ನುವುದನ್ನು ಈ ವಿಧಾನ ಗಟ್ಟಿಯಾಗಿ ಹೇಳುತ್ತದೆ.

ಆ ಅಧ್ಯಯನದ ಮೂಲ ಉದ್ದೇಶವೂ ಹೋಲಿಕೆಯೇ. ಅಲ್ಲಿ ಒಂದು ಗ್ರಾಮಕ್ಕೆ ಸರ್ಕಾರಿ ಲೆಕ್ಕಪರಿಶೋಧನೆ ಬರುವ ಸಾಧ್ಯತೆ ಸುಮಾರು ಶೇ 4 ಇತ್ತು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಗ್ರಾಮಗಳಿಗೆ ಕೆಲಸ ಶುರುವಾಗುವ ಮೊದಲೇ ‘ನಿಮ್ಮಲ್ಲಿಗೆ ಲೆಕ್ಕಪರಿಶೋಧಕರು ಬಂದೇ ಬರುತ್ತಾರೆ, ಅವರ ವರದಿಯನ್ನು ಗ್ರಾಮಸಭೆಯಲ್ಲಿ ಓದಲಾಗುತ್ತದೆ’ ಎಂದು ತಿಳಿಸಿದರು. ಉಳಿದ ಗ್ರಾಮಗಳಿಗೆ ಮೊದಲಿನ ಶೇ 4ರ ಭಯವೇ ಇತ್ತು. ಕೊನೆಗೆ ಅಗೆದು ನೋಡಿದಾಗ, ಕಾಣೆಯಾದ ಹಣ ಸಾಮಾನ್ಯ ಗ್ರಾಮಗಳಲ್ಲಿ ಸುಮಾರು ಶೇ 28, ಮುನ್ಸೂಚನೆ ಕೊಟ್ಟ ಗ್ರಾಮಗಳಲ್ಲಿ ಸುಮಾರು ಶೇ 19.

ನೇರನುಡಿ:
ಅಲ್ಲಿಗೆ ಮುಗಿಯಿತಲ್ಲ! ಎಲ್ಲ ಕಡೆ ಶೇ 100 ಲೆಕ್ಕಪರಿಶೋಧನೆ ಮಾಡಿ. ಒಂಬುಡ್ಸ್‌ಮನ್ ಬೇಡ, ಸಮೀಕ್ಷೆ ಬೇಡ. ಜತೆಗೆ ಗ್ರಾಮದ ಜನರನ್ನೂ ಕೇಳಿ, ಯಾರು ತಿಂದರು ಎಂದು ಅವರಿಗೆ ಗೊತ್ತೇ ಇರುತ್ತದೆ.

ಹಳೆಯ ಲೆಕ್ಕಿಗ:
ಖಚಿತವಾಗಿ ಬರುತ್ತೇವೆಂದು ಮೊದಲೇ ಹೇಳಿ, ಬಂದು ನೋಡಿದರೂ ಶೇ 19 ಕಾಣೆಯಾಗಿತ್ತು ಎಂಬುದನ್ನು ನೀವು ಓದದೆ ದಾಟಿಹೋದಿರಿ. ಕಳವು ನಿಲ್ಲಲಿಲ್ಲ, ಮೂರನೇ ಒಂದು ಪಾಲು ತಗ್ಗಿತು. ಏಕೆ ನಿಲ್ಲಲಿಲ್ಲ ಎಂಬುದನ್ನು ನನ್ನಂಥವನು ಒಳಗಿನಿಂದ ಹೇಳಬಲ್ಲೆ. ಲೆಕ್ಕಪರಿಶೋಧಕ ನೋಡುವುದು ಕಾಗದವನ್ನು. ಮೂರು ದರಪಟ್ಟಿ ತೆಗೆದುಕೊಂಡಿದ್ದಾರೆಯೇ, ವೋಚರ್ ಇದೆಯೇ, ಕೂಲಿಯ ಹಾಜರಿ ಪಟ್ಟಿಯಲ್ಲಿ ಹೆಬ್ಬೆಟ್ಟಿದೆಯೇ? ಜಾವಾದಲ್ಲೂ ಅವರು ಬರೆದ ಆಕ್ಷೇಪಣೆಗಳಲ್ಲಿ ಬಹುಪಾಲು ಇಂಥ ಕಾರ್ಯವಿಧಾನದ ಲೋಪಗಳೇ. ಯಾರನ್ನಾದರೂ ಕಟಕಟೆಗೆ ನಿಲ್ಲಿಸುವಷ್ಟು ಸಾಕ್ಷ್ಯ ಸಿಕ್ಕಿದ್ದು ಅಪರೂಪ. ರಸ್ತೆ ಅಗೆದದ್ದು ಸಂಶೋಧಕರ ತಂಡ, ಸರ್ಕಾರಿ ಲೆಕ್ಕಪರಿಶೋಧಕರಲ್ಲ. ನಿಮ್ಮ ಮೊದಲ ಬರಹದಲ್ಲಿ ಆಕ್ಷೇಪಣೆಗಳ ಎಣಿಕೆಯನ್ನೇ ಭ್ರಷ್ಟಾಚಾರದ ಅಳತೆ ಎಂದಿದ್ದಿರಿ. ದರಪಟ್ಟಿ ಕಳೆದುಕೊಂಡ ಪ್ರಾಮಾಣಿಕನ ಕಡತದಲ್ಲಿ ಹತ್ತು ಆಕ್ಷೇಪಣೆ ಇರುತ್ತವೆ. ನುರಿತ ಕಳ್ಳನ ಕಡತದಲ್ಲಿ ಒಂದೂ ಇರುವುದಿಲ್ಲ, ಅವನ ಕಾಗದದಷ್ಟು ಅಚ್ಚುಕಟ್ಟಾದ ಕಾಗದವನ್ನು ನಾನು ಬೇರೆಲ್ಲೂ ನೋಡಿಲ್ಲ.

ಮತ್ತೊಂದು ಸಂಗತಿಯೂ ಬಯಲಾಯಿತು. ಲೆಕ್ಕಪರಿಶೋಧನೆ ಖಚಿತವಾಗಿದ್ದ ಗ್ರಾಮಗಳಲ್ಲಿ ಕಾಮಗಾರಿ ನಡೆಸುವವರ ಬಂಧುಗಳಿಗೆ ಕೆಲಸ ಸಿಗುವುದು ಹೆಚ್ಚಾಯಿತು. ದುಡ್ಡು ಎತ್ತುವುದು ಅಪಾಯ ಎನಿಸಿದಾಗ ನೆಂಟರಿಗೆ ಕೂಲಿ ಕೊಡಿಸಿದರು. ಕೂಲಿ ಪಟ್ಟಿ ಸರಿಯಾಗಿದೆ, ಕೆಲಸವೂ ಆಗಿದೆ, ಆಕ್ಷೇಪಣೆಗೆ ಎಡೆಯೇ ಇಲ್ಲ.

ಇನ್ನು ಜನರಿಗೆ ಗೊತ್ತೇ ಇರುತ್ತದೆ ಎಂಬ ಮಾತು. ಅದನ್ನೂ ಪರೀಕ್ಷಿಸಿದರು. ಅಗೆದು ಅಳೆದ ಅದೇ ಗ್ರಾಮಗಳ ಜನರನ್ನು ‘ನಿಮ್ಮ ರಸ್ತೆಯಲ್ಲಿ ಕಳವಾಗಿದೆಯೇ?’ ಎಂದು ಕೇಳಿದರು. ಜನರ ಉತ್ತರಕ್ಕೂ ನಿಜಕ್ಕೂ ನಂಟಿತ್ತು, ಆದರೆ ತೀರಾ ತೆಳುವಾದ ನಂಟು. ಮೇಲಿನ ನನ್ನ ಉದಾಹರಣೆಯ 6,000 ಮತ್ತು 10,000 ನೆನಪಿದೆಯೇ? ಬೆಲೆಯ ಸುಳ್ಳನ್ನು ಜನ ಹಿಡಿಯುತ್ತಿದ್ದರು, ಏಕೆಂದರೆ ಕಲ್ಲಿನ ಬೆಲೆ ಎಲ್ಲರಿಗೂ ಗೊತ್ತು. ಪ್ರಮಾಣದ ಸುಳ್ಳನ್ನು ಅವರು ಅಷ್ಟಾಗಿ ಹಿಡಿಯಲಿಲ್ಲ, ಏಕೆಂದರೆ ಮುಗಿದ ರಸ್ತೆಯ ಮೇಲೆ ನಿಂತು ಪದರದ ದಪ್ಪ ಐದು ಸೆಂಟಿಮೀಟರ್ ಕಡಿಮೆ ಎಂದು ಯಾರಿಗೂ ಕಾಣುವುದಿಲ್ಲ. ಇದು ಕಳ್ಳರಿಗೂ ಗೊತ್ತಿತ್ತು. ಹಾಗಾಗಿ ಹೆಚ್ಚಿನ ಕಳವು ಪ್ರಮಾಣದಲ್ಲೇ ಆಗಿತ್ತು.

ತುಂಬೆಹೂವು:
ಅಂದರೆ ಗ್ರಹಿಕೆಯ ಸಮೀಕ್ಷೆ ಜನಕ್ಕೆ ಕಾಣುವಂತೆ ಮಾಡಿದ ಕಳವನ್ನು ಮಾತ್ರ ಅಳೆಯುತ್ತದೆ. ಜಾಣ ಕಳ್ಳನಿರುವಲ್ಲಿ ಅಂಕ ಉತ್ತಮವಾಗುತ್ತದೆ!

ಸರಾಸರಿ:
ಅದಕ್ಕೆ ಇನ್ನೊಂದು ಸೇರಿಸುತ್ತೇನೆ, ಆ ಅಧ್ಯಯನವನ್ನು ನಾನೂ ಓದಿದ್ದೇನೆ. ಬೇರೆ ಬೇರೆ ಜನಾಂಗದವರು ಕೂಡಿ ಬಾಳುವ ಗ್ರಾಮಗಳಲ್ಲಿ ‘ಇಲ್ಲಿ ಭ್ರಷ್ಟಾಚಾರವಿದೆ’ ಎಂದವರು ಹೆಚ್ಚು. ಆದರೆ ಅಗೆದು ನೋಡಿದರೆ ಅಲ್ಲಿ ಕಾಣೆಯಾದ ಹಣ ಕಡಿಮೆ. ನಂಬಿಕೆ ಇಲ್ಲದ ಕಡೆ ಗುಮಾನಿ ಹೆಚ್ಚು, ಗುಮಾನಿ ಇರುವ ಕಡೆ ಕಾವಲೂ ಹೆಚ್ಚು ಎಂದು ಅದನ್ನು ಅರ್ಥೈಸಬಹುದು. ಬರೀ ಅಭಿಪ್ರಾಯವನ್ನು ಕೇಳಿದ್ದರೆ ಲೆಕ್ಕ ತಲೆಕೆಳಗಾಗಿರುತ್ತಿತ್ತು.

ಆದರೂ ಸೂಚ್ಯಂಕವನ್ನು ಪೂರ್ತಿ ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸಿಲ್ಲ. 85 ಅಂಕದ ದೇಶಕ್ಕೂ 20 ಅಂಕದ ದೇಶಕ್ಕೂ ವ್ಯತ್ಯಾಸವಿದೆ ಎಂದು ಅದು ಹೇಳಿದರೆ ನಂಬುತ್ತೇನೆ. ವರ್ಷದಿಂದ ವರ್ಷಕ್ಕೆ ಎರಡಂಕದ ಏರಿಳಿತ ಹೇಳಿದರೆ ನಂಬುವುದಿಲ್ಲ.

ಕಡತ:
ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಒಂಬುಡ್ಸ್‌ಮನ್ ಕಚೇರಿಯಲ್ಲಿ ದೂರುಗಳನ್ನು ವಿಂಗಡಿಸುವ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ಲೆಕ್ಕಿಗರು ಎರಡು ಜೇಬುಗಳ ಮಾತು ಹೇಳಿ ನಮ್ಮನ್ನು ನಾಗರಿಕನ ಜೇಬಿನ ಕಾವಲಿಗೆ ನಿಲ್ಲಿಸಿದರು. ಅದು ಅರ್ಧ ನಿಜ.

ಈ ಹುದ್ದೆಯ ಮೂಲ ಸ್ವೀಡನ್, 1809. ಅಲ್ಲಿಂದ ನೂರೈವತ್ತು ವರ್ಷಗಳಾಗುವವರೆಗೂ ಅದು ನೆರೆಹೊರೆಯ ದೇಶಗಳಾಚೆ ಹೆಚ್ಚು ಹಬ್ಬಲಿಲ್ಲ. ಡೆನ್ಮಾರ್ಕ್‌ನಲ್ಲಿ 1955ರಲ್ಲಿ, ನ್ಯೂಜಿಲೆಂಡ್‌ನಲ್ಲಿ 1962ರಲ್ಲಿ ಬಂದ ಮೇಲೆಯೇ ಜಗತ್ತಿನ ಉಳಿದ ಕಡೆಗಳಿಗೂ ಹೋಯಿತು. ಸ್ವೀಡನ್ನಿನ ಒಂಬುಡ್ಸ್‌ಮನ್‌ಗೆ ತಪ್ಪು ಮಾಡಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವ ಅಧಿಕಾರವಿದೆ. ಆಮೇಲೆ ಬಂದ ಬಹಳಷ್ಟು ದೇಶಗಳು ಹೆಸರನ್ನು ತೆಗೆದುಕೊಂಡು ಆ ಹಲ್ಲನ್ನು ಬಿಟ್ಟುಬಂದವು. ಅಲ್ಲಿ ಒಂಬುಡ್ಸ್‌ಮನ್ ಕಡತ ತರಿಸಿ ಓದಬಹುದು, ಶಿಫಾರಸು ಮಾಡಬಹುದು, ಸಂಸತ್ತಿಗೆ ವರದಿ ಕೊಡಬಹುದು, ಅಷ್ಟೇ. ಅದು ಲಂಚ ಹಿಡಿಯಲೆಂದು ಹುಟ್ಟಿದ ಹುದ್ದೆಯೂ ಅಲ್ಲ. ವಿಳಂಬ, ಉತ್ತರ ಕೊಡದಿರುವುದು, ಕಾರಣ ಹೇಳದೆ ತಿರಸ್ಕರಿಸುವುದು, ನಮ್ಮ ದಿನನಿತ್ಯದ ಕೆಲಸ ಇವುಗಳದ್ದು. ನಾವು ಲೋಕಾಯುಕ್ತ ಎಂದಾಗ ನೆನಪಿಗೆ ಬರುವ ದಾಳಿ, ಬಲೆ, ನೋಟಿಗೆ ಸವರಿದ ಪುಡಿ ಇವೆಲ್ಲ ಬೇರೆಯೇ ಬಗೆಯ ಸಂಸ್ಥೆಯ ಚಿತ್ರ.

ಆದರೆ ವಿಳಂಬವೇ ಲಂಚದ ಮೊಟ್ಟೆ. ಪಿಂಚಣಿದಾರರು ‘ಲಂಚ ಕೇಳಿದರು’ ಎಂದು ಬರೆದುಕೊಟ್ಟರೆ ನಾವು ಸಾಕ್ಷ್ಯ ಕೇಳಬೇಕಾಗುತ್ತದೆ, ಅವರಲ್ಲಿ ಸಾಕ್ಷ್ಯವಿಲ್ಲ. ‘ಹನ್ನೊಂದು ತಿಂಗಳು ಕಡತ ಕದಲಲಿಲ್ಲ’ ಎಂದು ಬರೆದುಕೊಟ್ಟರೆ ಸಾಕ್ಷ್ಯ ಕಡತದೊಳಗೇ ಇದೆ. ಅದೇ ಮೇಜಿನ ಇನ್ನೂ ಐವತ್ತು ಕಡತಗಳನ್ನು ತರಿಸಿ ನೋಡಿದರೆ, ಕೆಲವು ಹತ್ತೇ ದಿನದಲ್ಲಿ ಮುಗಿದಿರುತ್ತವೆ, ಕೆಲವು ವರ್ಷ ಕೂತಿರುತ್ತವೆ, ಎರಡರಲ್ಲೂ ಅದೇ ದಾಖಲೆಗಳು. ಆ ಅಂತರವೇ ಮಾತನಾಡುತ್ತದೆ. ದೂರಿಗೆ ಕಾಯದೆ ತಾನಾಗಿಯೇ ತನಿಖೆ ಆರಂಭಿಸುವ ಅಧಿಕಾರ ಇರುವ ಕಚೇರಿ ಇದನ್ನು ಮಾಡಬಲ್ಲದು, ಇಲ್ಲದ ಕಚೇರಿ ಒಂದು ದೂರಿಗೆ ಒಂದು ಉತ್ತರ ಬರೆದು ಮುಚ್ಚುತ್ತದೆ.

ದೂರಿನ ಸಂಖ್ಯೆಯ ಬಗ್ಗೆ ನೇರನುಡಿಯವರಿಗೆ ಒಂದು ಮಾತು. ನಮ್ಮ ಕಚೇರಿ ಒಮ್ಮೆ ಅರ್ಜಿ ನಮೂನೆಯನ್ನು ಚಿಕ್ಕದು ಮಾಡಿ, ನೋಟರಿ ಸಹಿ ಬೇಡ ಎಂದಿತು. ಮರುವರ್ಷ ದೂರುಗಳು ರಾಶಿಬಿದ್ದವು. ಆ ಒಂದು ವರ್ಷದಲ್ಲಿ ಅಧಿಕಾರಿಗಳು ಕೆಟ್ಟುಹೋದರು ಎಂದು ಹೇಳುವಿರಾ?

ನೇರನುಡಿ:
ಸರಿ, ದೂರಿನ ಸಂಖ್ಯೆಯ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ನಾಗರಿಕನ ಜೇಬಿನ ಕಳವನ್ನು ಅಳೆಯುವುದು ಹೇಗೆ ಎಂದು ಇನ್ನೂ ಯಾರೂ ಹೇಳಿಲ್ಲ. ರಸ್ತೆ ಅಗೆಯಬಹುದು, ಜೇಬು ಅಗೆಯಲಾಗುತ್ತದೆಯೇ?

ಸರಾಸರಿ:
ಪಕ್ಕದಲ್ಲಿ ಕೂತು ನೋಡಬಹುದು. ಇಂಡೊನೇಷ್ಯದ್ದೇ ಇನ್ನೊಂದು ಪ್ರಕರಣ, ಸುಮಾತ್ರಾ ದ್ವೀಪದ ‘ಆಚೆ’ ಎಂಬ ಹೆಸರಿನ ಪ್ರಾಂತದ ಲಾರಿಗಳದ್ದು. ಓಲ್ಕನ್ ಮತ್ತು ಪ್ಯಾಟ್ರಿಕ್ ಬ್ಯಾರನ್ ಅವರ ತಂಡದವರು ಲಾರಿ ಚಾಲಕನ ಸಹಾಯಕರಂತೆ ಕ್ಯಾಬಿನ್ನಿನಲ್ಲಿ ಕೂತು 304 ಪ್ರಯಾಣ ಮಾಡಿದರು. ದಾರಿಯ ತಪಾಸಣಾ ಠಾಣೆಗಳಲ್ಲಿ, ತೂಕದ ಕಟ್ಟೆಗಳಲ್ಲಿ ಕೊಟ್ಟ ಅಕ್ರಮ ಹಣವನ್ನು ಪ್ರತಿ ಸಲವೂ ಬರೆದುಕೊಂಡರು. 6,000ಕ್ಕೂ ಹೆಚ್ಚು ಪಾವತಿಗಳು ದಾಖಲಾದವು. ಒಂದೊಂದೂ ಪುಡಿಗಾಸು, ಯಾವ ಚಾಲಕನೂ ಅದಕ್ಕಾಗಿ ದೂರು ಬರೆಯುತ್ತಾ ಕೂರುವುದಿಲ್ಲ. ಯಾವ ಸರ್ಕಾರಿ ಪುಸ್ತಕದಲ್ಲೂ ಅದು ಇಲ್ಲ. ಲೆಕ್ಕಪರಿಶೋಧಕರಿಗೂ ಒಂಬುಡ್ಸ್‌ಮನ್‌ಗೂ ಎರಡೂ ಕಡೆಯಿಂದ ತಪ್ಪಿಸಿಕೊಳ್ಳುವ ಕಳವು ಇದು.

ಅಲ್ಲಿ ಒಂದು ವಿಚಿತ್ರವೂ ಕಂಡಿತು. ಸರ್ಕಾರಕ್ಕೂ ಅಲ್ಲಿನ ಬಂಡುಕೋರರಿಗೂ 2005ರಲ್ಲಿ ಆದ ಶಾಂತಿ ಒಪ್ಪಂದದ ನಂತರ ಸೈನಿಕರನ್ನೂ ಪೊಲೀಸರನ್ನೂ ಹಿಂದಕ್ಕೆ ಕರೆಸಿಕೊಂಡಾಗ ಠಾಣೆಗಳು ಕಡಿಮೆಯಾದವು. ಉಳಿದ ಠಾಣೆಗಳು ಪ್ರತಿ ಲಾರಿಗೆ ಕೇಳುವ ಮೊತ್ತ ಏರಿತು. ಚಾಲಕರು ಒಟ್ಟು ಕೊಟ್ಟದ್ದು ಕಡಿಮೆಯಾಯಿತು, ಆದರೆ ಠಾಣೆಗಳು ಕಡಿಮೆಯಾದಷ್ಟು ಪ್ರಮಾಣದಲ್ಲಲ್ಲ. ‘ಎಷ್ಟು ಕಡೆ ಲಂಚ ಕೊಟ್ಟಿರಿ?’ ಎಂದು ಕೇಳುವ ಸಮೀಕ್ಷೆ ಒಂದು ಕಥೆ ಹೇಳುತ್ತಿತ್ತು, ‘ಒಂದು ಸಲಕ್ಕೆ ಎಷ್ಟು ಕೊಟ್ಟಿರಿ?’ ಎನ್ನುವುದು ಅದಕ್ಕೆ ವಿರುದ್ಧವಾದ ಕಥೆ ಹೇಳುತ್ತಿತ್ತು.

ತುಂಬೆಹೂವು:
ಅಳತೆ ಇರಲಿ. ಲೆಕ್ಕಪರಿಶೋಧನೆಯಿಂದ ಆಗುವ ಹತೋಟಿ ಉಳಿಯುತ್ತದೆಯೇ? ಅಥವಾ ಪರಿಶೋಧಕರು ಬಸ್ ಹತ್ತಿದ ಕೂಡಲೇ ಎಲ್ಲ ಮೊದಲಿನಂತೆಯೇ?

ಸರಾಸರಿ:
ಬ್ರೆಜಿಲ್‌ನಲ್ಲಿ ಇದಕ್ಕೆ ಒಂದು ಉತ್ತರವಿದೆ. 2003ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ ಸಣ್ಣ ಪುರಸಭೆಗಳನ್ನು ಸಾರ್ವಜನಿಕ ಲಾಟರಿಯಲ್ಲಿ ಆರಿಸಿ ಲೆಕ್ಕಪರಿಶೋಧನೆಗೆ ಒಳಪಡಿಸಲು ಶುರುಮಾಡಿತು. ಯಾರ ಸರದಿ ಎಂದು ಯಾರಿಗೂ ಮೊದಲೇ ತಿಳಿಯುತ್ತಿರಲಿಲ್ಲ, ರಾಜಕೀಯದ ಕೈಯೂ ಆಡುತ್ತಿರಲಿಲ್ಲ. ವರದಿಗಳನ್ನು ಬಹಿರಂಗಪಡಿಸುತ್ತಿದ್ದರು. 2004ರ ಚುನಾವಣೆಗೆ ಮೊದಲು ವರದಿ ಹೊರಬಿದ್ದು ಭ್ರಷ್ಟಾಚಾರ ಬಯಲಾದ ಮೇಯರುಗಳು ಮರು ಆಯ್ಕೆಯಲ್ಲಿ ಪೆಟ್ಟು ತಿಂದರು, ಸ್ಥಳೀಯ ರೇಡಿಯೊ ಇದ್ದ ಕಡೆ ಪೆಟ್ಟು ಇನ್ನೂ ಜೋರು. ಮುಂದೆ ಎರಡನೇ ಸಲ ಲಾಟರಿಯಲ್ಲಿ ಬಂದ ಪುರಸಭೆಗಳನ್ನು ಮೊದಲ ಸಲ ಬಂದವುಗಳೊಂದಿಗೆ ಹೋಲಿಸಿದಾಗ, ಹಿಂದೆ ಪರಿಶೋಧನೆ ಕಂಡಿದ್ದ ಕಡೆ ಭ್ರಷ್ಟಾಚಾರ ಸುಮಾರು ಶೇ 8 ಕಡಿಮೆ ಇತ್ತು. ಹೀಗೆ ಇಳಿಯಲು ಮುಖ್ಯ ಕಾರಣ ಮತದಾರರ ಭಯಕ್ಕಿಂತ ಮೊಕದ್ದಮೆಯ ಭಯ ಎಂದು ಅಧ್ಯಯನ ಮಾಡಿದವರ ಅಭಿಪ್ರಾಯ.

ಹಳೆಯ ಲೆಕ್ಕಿಗ:
ಆ ಶೇ 8ರ ಬಗ್ಗೆ ನನಗೆ ತಕರಾರಿದೆ. ಅಲ್ಲಿ ರಸ್ತೆ ಅಗೆದಿಲ್ಲ. ಪರಿಶೋಧಕರ ವರದಿಗಳಲ್ಲಿ ದಾಖಲಾದ ಅಕ್ರಮಗಳನ್ನೇ ಅಳತೆಯಾಗಿ ಹಿಡಿದಿದ್ದಾರೆ. ಒಮ್ಮೆ ಪರಿಶೋಧನೆಗೆ ಸಿಕ್ಕವನು ಏನನ್ನು ಕಲಿಯುತ್ತಾನೆ? ಕದಿಯಬಾರದು ಎಂದೂ ಕಲಿಯಬಹುದು, ಟೆಂಡರ್ ಕಡತವನ್ನು ಹೇಗೆ ಜೋಡಿಸಿಡಬೇಕು ಎಂದೂ ಕಲಿಯಬಹುದು. ಎರಡರಲ್ಲೂ ನನ್ನ ವರದಿಯಲ್ಲಿ ಆಕ್ಷೇಪಣೆ ಕಡಿಮೆಯಾಗುತ್ತದೆ.

ಸರಾಸರಿ:
ಅದನ್ನು ಅವರೂ ಯೋಚಿಸಿದ್ದಾರೆ. ಬರೀ ಕಾಗದದ ಕೌಶಲ ಹೆಚ್ಚಿದ್ದರೆ ಮೊಕದ್ದಮೆಯ ಭಯ ಹೆಚ್ಚಿರುವ ಕಡೆ ಇಳಿಕೆ ಹೆಚ್ಚಾಗಬೇಕಾದ ಕಾರಣವಿಲ್ಲವಲ್ಲ? ಆದರೆ ಇಳಿಕೆ ಅಂಥ ಕಡೆಯೇ ಹೆಚ್ಚಾಗಿದೆ.

ಹಳೆಯ ಲೆಕ್ಕಿಗ:
ಭಯ ಹೆಚ್ಚಿರುವ ಕಡೆ ಕಾಗದವನ್ನು ಚೊಕ್ಕ ಮಾಡುವ ಆಸೆಯೂ ಹೆಚ್ಚಿರುತ್ತದೆ, ಸ್ವಾಮಿ. ಅಗೆದು ನೋಡುವವರೆಗೆ ನಾನು ಒಪ್ಪುವುದಿಲ್ಲ. ಆದರೆ ಲಾಟರಿಯ ಉಪಾಯ ಮಾತ್ರ ನನಗೆ ಬಹಳ ಹಿಡಿಸಿತು. ನಮ್ಮ ಕಾಲದಲ್ಲಿ ತಪಾಸಣೆಯ ವಾರ್ಷಿಕ ಪಟ್ಟಿ ನಮಗಿಂತ ಮೊದಲು ತಪಾಸಣೆಗೊಳಗಾಗುವ ಕಚೇರಿಗೇ ತಲುಪಿರುತ್ತಿತ್ತು.

ಕಡತ:
ನಮ್ಮಲ್ಲಿ ಇನ್ನೊಂದು ಕೊರತೆ. ಒಂದೇ ಕಚೇರಿಯ ಬಗ್ಗೆ ಲೆಕ್ಕಪರಿಶೋಧಕರು ‘ವಿಳಂಬ’ ಎಂದು ಬರೆದ ಸಾಲು ಅವರ ವರದಿಯಲ್ಲಿ ಉಳಿಯುತ್ತಿತ್ತು, ಅದೇ ಕಚೇರಿಯ ಮೇಲಿನ ದೂರುಗಳು ನಮ್ಮ ಕಪಾಟಿನಲ್ಲಿ ಉಳಿಯುತ್ತಿದ್ದವು. ಎರಡನ್ನೂ ಯಾರೂ ಒಂದೇ ಮೇಜಿನ ಮೇಲೆ ಹರಡಲಿಲ್ಲ. ನಾನೇ ಒಮ್ಮೆ ಕೇಳಿದ್ದೆ, ಗೋಪ್ಯತೆಯ ನಿಯಮ ಅಡ್ಡಬರುತ್ತದೆ ಎಂದರು. ದೂರುದಾರನ ಹೆಸರನ್ನು ತೆಗೆದು ಕಚೇರಿಯ ಹೆಸರು, ದಿನಾಂಕ ಮಾತ್ರ ಕೊಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪಿಂಚಣಿದಾರ:
ಎಲ್ಲವನ್ನೂ ಎರಡು ಸಲ ಓದಿದೆ. ಹಣ ವಾಪಸು ಬರುವುದಿಲ್ಲ ಎಂದು ಅರ್ಥವಾಯಿತು, ಬಿಡಿ. ಕಡತ ಅವರೇ, ನೀವು ಹೇಳಿದಂತೆ ಲಂಚದ ಮಾತೆತ್ತದೆ ವಿಳಂಬದ ಬಗ್ಗೆ ಮಾತ್ರ ಬರೆದುಕೊಟ್ಟರೆ, ಏಜೆಂಟನಿಗೆ ಕೊಟ್ಟದ್ದಕ್ಕೆ ನನ್ನ ಮೇಲೇ ಪ್ರಶ್ನೆ ಬರುವುದಿಲ್ಲವೇ? ಕೊಟ್ಟವನೂ ತಪ್ಪಿತಸ್ಥ ಎನ್ನುತ್ತಾರಲ್ಲ.

ಕಡತ:
ಬಹಳಷ್ಟು ದೇಶಗಳ ಕಾನೂನಿನಲ್ಲಿ ಕೊಟ್ಟವನೂ ತಪ್ಪಿತಸ್ಥನೇ. ಬಲವಂತಕ್ಕೆ ಸಿಲುಕಿ ಕೊಟ್ಟವನಿಗೆ ಕೆಲವು ಕಡೆ ವಿನಾಯಿತಿ ಇದೆ, ಅದೂ ಬೇಗ ತಿಳಿಸಿದರೆ ಮಾತ್ರ. ಜನ ನಮ್ಮ ಬಾಗಿಲಿಗೆ ಬರದಿರಲು ಇದು ದೊಡ್ಡ ಕಾರಣ. ದೂರು ಬರೆಯುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಚೀಟಿ ಇದೆಯೇ?

ಪಿಂಚಣಿದಾರ:
ಇದೆ. ಏಜೆಂಟ್ ಕೊಟ್ಟ ರಸೀದಿಯೂ ಇದೆ. ಅದರಲ್ಲಿ ‘ಜೆರಾಕ್ಸ್ ಮತ್ತು ಟೈಪಿಂಗ್’ ಎಂದು ಬರೆದಿದ್ದಾನೆ.

ಹಳೆಯ ಲೆಕ್ಕಿಗ:
ಎಷ್ಟು ಪುಟ ಎಂದು ಬರೆದಿದ್ದಾನೆಯೇ?

ಪಿಂಚಣಿದಾರ:
ನಾಲ್ಕು.